ಬಿಯರ್ ಅಂದರೆ ಹಗುರವೇ?

ಹೊಸದಾಗಿ ಬಾರ್ ತೆರೆಯುವವರು ಮೆನುವಿನಲ್ಲಿ ಬೆಲೆ ಬರೆಯುತ್ತಾರೆ, ಅಳತೆ ಬರೆಯುವುದಿಲ್ಲ. ಅಲ್ಲೇ ಎಡವಟ್ಟು. 650 ಮಿಲಿ ಸ್ಟ್ರಾಂಗ್ ಬಿಯರ್ ಬಾಟಲಿಯ ಮೇಲೆ ಶೇ. 8 ಎಂದಿದ್ದರೆ ಅದರಲ್ಲಿ 52 ಮಿಲಿ ಶುದ್ಧ ಆಲ್ಕೋಹಾಲ್ ಇದೆ. ಶೇ. 42.8ರ ವಿಸ್ಕಿಯ 60 ಮಿಲಿ ಪೆಗ್‌ನಲ್ಲಿ ಇರುವುದು ಸುಮಾರು 26 ಮಿಲಿ. ಅಂದರೆ 'ಬರೀ ಎರಡು ಬಿಯರ್ ಕುಡಿದೆ' ಎನ್ನುವ ಗಿರಾಕಿ ನಾಲ್ಕು ಲಾರ್ಜ್ ಇಳಿಸಿದ್ದಾನೆ! ಮೆನುವಿನಲ್ಲಿ ಪ್ರತಿ ಹೆಸರಿನ ಪಕ್ಕ ಮಿಲಿ, ಶೇಕಡಾ ಎರಡೂ ಇರಲಿ. ಸಪ್ಲೈಯರ್ ಬಾಟಲಿಗಳನ್ನಲ್ಲ, ಈ ಲೆಕ್ಕವನ್ನು ಎಣಿಸಲಿ. ಮಾತು ಜೋರಾಗಿ, ಹೇಳಿದ್ದನ್ನೇ ಮತ್ತೆ ಹೇಳತೊಡಗಿದರೆ ಮುಂದಿನದನ್ನು ತಡಮಾಡಿ, ನೀರು, ಊಟ ಮುಂದಿಡಿ. ಬೈಕಿನ ಕೀ ಮೇಜಿನ ಮೇಲಿದ್ದರೆ ಆಟೋ ಕರೆಸುವ ಮಾತೆತ್ತಿ.

ವೈನ್ ಪಟ್ಟಿ ಚಿಕ್ಕದಿದ್ದಷ್ಟೂ ಒಳ್ಳೆಯದು. 750 ಮಿಲಿ ಬಾಟಲಿಯಿಂದ 150ರ ಐದು ಗ್ಲಾಸ್. ತೆರೆದ ರೆಡ್ ವೈನ್ ಫ್ರಿಜ್ಜಿನಲ್ಲಿಟ್ಟರೂ ಮೂರ್ನಾಲ್ಕು ದಿನಕ್ಕೆ ಸಪ್ಪೆಯಾಗಿ ಹುಳಿ ವಾಸನೆ ಬರುತ್ತದೆ. ಗ್ಲಾಸಿನ ಲೆಕ್ಕದಲ್ಲಿ ಒಂದು ರೆಡ್, ಒಂದು ವೈಟ್ ಸಾಕು. ಬಾಟಲಿ ಮೇಲೆ ತೆರೆದ ದಿನ ಬರೆದು ಅಂಟಿಸಿ.

ವಯಸ್ಸು ಕೇಳಲು ಮುಜುಗರ ಬೇಡ. ಕರ್ನಾಟಕದ ಲೈಸೆನ್ಸ್ ನಿಯಮದಲ್ಲಿ 21 ಇದೆ. ಇಸವಿ ನೋಡಿ ಕಳೆದರೆ ಸಾಲದು: ಹುಟ್ಟುಹಬ್ಬ ಮುಂದಿನ ವಾರ ಎಂದಿದ್ದರೆ ಇವತ್ತಿಗೆ ಅವನು ಇಪ್ಪತ್ತರವನೇ. ಗೆಳೆಯ ಆರ್ಡರ್ ಮಾಡಿ ಅವನ ಕಡೆ ತಳ್ಳುವ ಗ್ಲಾಸಿನ ಮೇಲೂ ಒಂದು ಕಣ್ಣಿರಲಿ.