ಸ್ಟೋರ್ ಕೀಪರ್‌ಗೆ ಮೊದಲು ತಪ್ಪು ಮಾಡಲು ಕಲಿಸು

ನೋಡಮ್ಮ, ಹೊಸ ಇಆರ್‌ಪಿ ತಂಡಕ್ಕೆ ನಿನ್ನನ್ನು ಹಾಕಿದ್ದಾರೆಂದು ಕೇಳಿ ಸಂತೋಷವಾಯಿತು. ಆದರೆ 'ಸ್ಟೋರ್‌ನವರು ಹಳೇ ಕಾಲದವರು, ಕಲಿಯೋ ಮನಸ್ಸಿಲ್ಲ' ಅಂದೆಯಲ್ಲ, ಅದನ್ನು ನಾನು ಒಪ್ಪುವುದಿಲ್ಲ. ಮೊಬೈಲಿನಲ್ಲಿ ಕರೆಂಟ್ ಬಿಲ್ ಕಟ್ಟುವವರು, ಮಗಳ ಕಾಲೇಜು ಫೀಸು ತುಂಬುವವರು ಅವರೇ. ಅವರ ಭಯ ಕಂಪ್ಯೂಟರಿನದಲ್ಲ.

ಪೀಣ್ಯದ ಯಾವುದಾದರೂ ಮಷಿನ್ ಶಾಪಿನ ಸ್ಟೋರ್‌ನಲ್ಲಿ ಒಂದು ಸಂಜೆ ನಿಂತು ನೋಡು. ನಾಲ್ಕು ಗಂಟೆಗೆ ಟೆಂಪೋದಲ್ಲಿ ದೊಡ್ಡ ಆರ್ಡರ್‌ನ ಒಂದು ಕಂತಾಗಿ 20 ಬೇರಿಂಗ್ ಬರುತ್ತವೆ. ಅಸೆಂಬ್ಲಿ ಅದಕ್ಕಾಗಿಯೇ ನಿಂತಿರುತ್ತದೆ. ಸ್ಟೋರ್ ಕೀಪರ್ ಡಬ್ಬಿ ಒಡೆದು ಕೊಟ್ಟುಬಿಡುತ್ತಾನೆ, ಲೆಡ್ಜರ್‌ಗೆ ನಾಳೆ ಬರೆದುಕೊಳ್ಳುತ್ತಾನೆ. ಫ್ಯಾಕ್ಟರಿಯಲ್ಲಿ ಅವನಿಗೆ ಸಿಗುವ ಮರ್ಯಾದೆಯೆಲ್ಲ ಈ ಚುರುಕಿನಿಂದಲೇ. SAP ಬಂದ ಮೇಲೆ ಅದೇ ಡಬ್ಬಿಗೆ ಬೇರೆ ದಾರಿ. ಪರ್ಚೇಸ್ ಆರ್ಡರ್ ಇರಬೇಕು, MIGO ತೆರೆದು 101 ಹಾಕಿ ಜಿಆರ್‌ಎನ್ ಮಾಡಬೇಕು, ಕ್ವಾಲಿಟಿಯವರು ಪಾಸ್ ಮಾಡಬೇಕು, ಆಮೇಲೆ 261 ಹಾಕಿ ಆರ್ಡರ್‌ಗೆ ಇಶ್ಯೂ ಮಾಡಬೇಕು. ನಡುವೆ ಒಂದು ಹೆಜ್ಜೆ ಬಿಟ್ಟರೂ ಸ್ಟಾಕ್ ಇಲ್ಲ ಅನ್ನುತ್ತದೆ ಪರದೆ. ಬೇರಿಂಗ್ ಅವನ ಕೈಯಲ್ಲೇ ಇದೆ! ಎದುರಿಗೆ ಸೂಪರ್‌ವೈಸರ್ ಗಡಿಯಾರ ನೋಡುತ್ತಾ ನಿಂತಿದ್ದಾನೆ.

ಇನ್ನೊಂದು ಸಂಕಟ ಅವನು ಬಾಯಿಬಿಟ್ಟು ಹೇಳುವುದಿಲ್ಲ. ಲೆಡ್ಜರಿನಲ್ಲಿ ತಪ್ಪಾದರೆ ಗೀಟು ಹಾಕಿ ಸಹಿ ಮಾಡಿದರೆ ಮುಗಿಯಿತು. ಇಲ್ಲಿ 101 ಹಾಕಿದ ಗಳಿಗೆಯಲ್ಲೇ ಅಕೌಂಟ್ಸ್‌ನಲ್ಲೂ ಲೆಕ್ಕ ಬೀಳುತ್ತದೆ. 20ರ ಬದಲು 200 ಒತ್ತಿದರೆ ಅವನ ಹೆಸರಿನಲ್ಲೇ ಉಳಿಯುತ್ತದೆ, ಅಳಿಸಲು ಬರುವುದಿಲ್ಲ. ಇಷ್ಟು ವರ್ಷ ತಪ್ಪಿಲ್ಲದ ಮನುಷ್ಯ ಅನ್ನಿಸಿಕೊಂಡವನಿಗೆ ಇದಕ್ಕಿಂತ ದೊಡ್ಡ ಅವಮಾನ ಬೇಕೆ?

ಅದಕ್ಕೇ ತರಬೇತಿಯನ್ನು ಹಂತಹಂತವಾಗಿ ಮಾಡು ಅನ್ನುವುದು. ಎಲ್ಲರನ್ನೂ ಕಾನ್ಫರೆನ್ಸ್ ಹಾಲ್‌ನಲ್ಲಿ ಕೂರಿಸಿ ಮೂರು ದಿನ ಸ್ಲೈಡು ತೋರಿಸಿದರೆ ಪ್ರಯೋಜನವಿಲ್ಲ. ಗೋ-ಲೈವ್‌ಗೆ ಎರಡು ತಿಂಗಳ ಮುಂಚೆ ಕಲಿತದ್ದು ಆ ದಿನಕ್ಕೆ ಯಾರಿಗೂ ನೆನಪಿರುವುದಿಲ್ಲ. ಮೊದಲ ಹಂತ ಐಟಂ ಮಾಸ್ಟರ್ ಸ್ವಚ್ಛ ಮಾಡುವ ಹೊತ್ತಿನಲ್ಲೇ ಶುರುವಾಗಲಿ. ಒಂದೇ ಬೇರಿಂಗ್ ಮೂರು ಹೆಸರಿನಲ್ಲಿ ಯಾವ ಯಾವ ರ‍್ಯಾಕಿನಲ್ಲಿದೆ ಎಂದು ಬಲ್ಲವನು ಸ್ಟೋರ್ ಕೀಪರ್ ಒಬ್ಬನೇ. ಅವನನ್ನೇ ಪಕ್ಕದಲ್ಲಿ ಕೂರಿಸಿಕೊಂಡು ಎಣಿಸು. ಅವನ ಬಾಯಲ್ಲಿರುವ ಹೆಸರನ್ನೇ ಐಟಂ ವಿವರಣೆಯಲ್ಲಿ ಸೇರಿಸು. ನಾಳೆ ಹುಡುಕುವುದು ಅವನೇ ತಾನೆ?

ಆಮೇಲೆ ಟೆಸ್ಟ್ ಸಿಸ್ಟಮ್. ಅಲ್ಲಿ ಕನ್ಸಲ್ಟೆಂಟ್ ಕೊಟ್ಟ ನಮೂನೆ ಡೇಟಾ ಬೇಡ, ಕಳೆದ ವಾರದ ಅವನದೇ ಚಲನ್‌ಗಳಿರಲಿ. ಮೊದಲ ದಿನವೇ ಬೇಕೆಂದೇ 200 ಹಾಕಿಸಿ, 102ರಿಂದ ಅದನ್ನು ವಾಪಸ್ ತೆಗೆಸು. ತಪ್ಪು ಇಶ್ಯೂ ಆದರೆ 262 ತೋರಿಸು. ಗೀಟು ಹಾಕುವ ದಾರಿ ಇಲ್ಲೂ ಇದೆ ಎಂದು ಗೊತ್ತಾದ ಮೇಲೆ ಬೆರಳಿನ ನಡುಕ ಅರ್ಧ ನಿಲ್ಲುತ್ತದೆ. ಸ್ಟೋರ್‌ನವರಿಗೆ ಗೋ-ಲೈವ್‌ಗೆ ಮುಂಚಿನ ಎರಡು ವಾರದಲ್ಲಿ ಅವರವರ ನಾಲ್ಕೈದು ಕೆಲಸಗಳನ್ನಷ್ಟೇ ಕಲಿಸು, ಕಲಿಸುವವನು ಅವರಲ್ಲೇ ಮೊದಲು ಕಲಿತವನಾಗಿರಲಿ. ರೀ-ಆರ್ಡರ್, ರಿಪೋರ್ಟು ಇವೆಲ್ಲ ಮೊದಲ ತಿಂಗಳ ಲೆಕ್ಕ ಮುಚ್ಚಿದ ಮೇಲಾಯಿತು.

ಗೋ-ಲೈವ್ ಆದ ಮೇಲೆ ನಿನ್ನ ಕುರ್ಚಿ ಐಟಿ ರೂಮಿನಲ್ಲಿರಬಾರದು, ಸ್ಟೋರ್‌ನ ಕೌಂಟರ್ ಪಕ್ಕ ಇರಬೇಕು. ಒಗ್ಗಿದರೋ ಇಲ್ಲವೋ ಎಂದು ಅವರನ್ನು ಕೇಳಬೇಡ, 'ಆಯ್ತು ಮೇಡಂ' ಅನ್ನುತ್ತಾರೆ. MB51 ತೆರೆದು ಎಂಟ್ರಿ ಬಿದ್ದ ಸಮಯದ ಕಾಲಂ ನೋಡು. ಇಡೀ ದಿನದ ಇಶ್ಯೂ ಸಂಜೆ ಐದರಿಂದ ಆರರೊಳಗೆ ಬಿದ್ದಿದ್ದರೆ ಹಳೇ ನೋಟ್‌ಬುಕ್ ಮೇಜಿನ ಕೆಳಗೆ ಇನ್ನೂ ಇದೆ ಎಂದು ತಿಳಿ. ಎಲ್ಲವೂ ಒಂದೇ ಯೂಸರ್ ಐಡಿಯಲ್ಲಿದ್ದರೆ ಪಾಸ್‌ವರ್ಡ್ ಕೈಯಿಂದ ಕೈಗೆ ಹೋಗುತ್ತಿದೆ, ಒಬ್ಬನೇ ಕಲಿತಿದ್ದಾನೆ. ಹಾಗೆಂದು ನೋಟ್‌ಬುಕ್ ಕಿತ್ತುಕೊಳ್ಳಬೇಡ. ಅದರಲ್ಲಿ ಏನು ಬರೆಯುತ್ತಿದ್ದಾನೆಂದು ಓದು. ನೀವು ಪರದೆಯಲ್ಲಿ ಕೊಡಲು ಮರೆತದ್ದು ಅಲ್ಲಿರುತ್ತದೆ.

ತರಬೇತಿಗೆ ಮೀರಿದ ವಿಷಯಗಳೂ ಇವೆ. ಕ್ವಾಲಿಟಿಯವರು ಐದು ಗಂಟೆಗೆ ಮನೆಗೆ ಹೋಗುವವರಾದರೆ ಸಂಜೆ ಬಂದ ಬೇರಿಂಗ್ ಮರುದಿನದವರೆಗೆ ಸಿಕ್ಕಿಬೀಳುವುದೇ. ಅದಕ್ಕೆ ತುರ್ತು ಮಾಲಿಗೊಂದು ನಿಯಮ ಬೇಕು, ಆ ನಿಯಮಕ್ಕೆ ಪ್ಲಾಂಟ್ ಹೆಡ್ ಸಹಿ ಬೇಕು. ಯಾರದಾದರೂ ಕೆಲಸ ನಿಜವಾಗಿಯೂ ಹೋಗುವುದಿದ್ದರೆ ಅದನ್ನು ಮ್ಯಾನೇಜ್‌ಮೆಂಟ್‌ನವರು ಮೊದಲೇ ನೇರವಾಗಿ ಹೇಳಿಬಿಡಲಿ. ಆ ಗುಟ್ಟನ್ನು ಮುಚ್ಚಿಟ್ಟು ನಡೆಸಿದ ತರಗತಿಯಲ್ಲಿ ಯಾರೂ ಏನೂ ಕಲಿಯುವುದಿಲ್ಲ.

ಯೋಜನೆ ತಡವಾದಾಗ ಎಲ್ಲರೂ ಮೊದಲು ಕತ್ತರಿ ಹಾಕುವುದು ತರಬೇತಿಯ ದಿನಗಳಿಗೆ. ಆದ್ದರಿಂದ ಗೋ-ಲೈವ್ ತಾರೀಕಿಗೆ ಒಪ್ಪುವ ಮುಂಚೆಯೇ, ಸ್ಟೋರ್‌ನವರನ್ನು ಡ್ಯೂಟಿ ಸಮಯದಲ್ಲೇ ತರಬೇತಿಗೆ ಬಿಡುತ್ತೇವೆಂದು ಪ್ರೊಡಕ್ಷನ್ ಮ್ಯಾನೇಜರ್ ಕೈಯಲ್ಲಿ ಬರೆಸಿಕೊ.