ಶಿಶುವಿನ ನಾಲಿಗೆಯ ಪೊರೆ ಮತ್ತು ತಂದೆತಾಯಿಯರ ಸಮ್ಮತಿ

ನಾಲಿಗೆಯ ಅಡಿಭಾಗವನ್ನು ಬಾಯಿಯ ತಳಕ್ಕೆ ಜೋಡಿಸುವ ಪೊರೆಯು ಮೋಟಾಗಿಯೋ ಬಿಗಿಯಾಗಿಯೋ ಇದ್ದು ನಾಲಿಗೆಯ ಚಲನೆಗೆ ಅಡ್ಡಿಯಾಗುವುದನ್ನು ಟಂಗ್-ಟೈ ಎಂದೂ, ಮೇಲ್ದುಟಿಯನ್ನು ವಸಡಿಗೆ ಸೇರಿಸುವ ಪೊರೆಯ ಬಿಗಿತವನ್ನು ಲಿಪ್-ಟೈ ಎಂದೂ ವೈದ್ಯರು ಕರೆಯುವರು. ಕತ್ತರಿಯಿಂದಲೋ ಲೇಸರಿನಿಂದಲೋ ಆ ಪೊರೆಯನ್ನು ಬಿಡಿಸುವ ಫ್ರೆನಾಟಮಿಯು ಕೆಲವೇ ನಿಮಿಷಗಳ ಕಾರ್ಯವಾದರೂ ಶಸ್ತ್ರಕ್ರಿಯೆಯೇ ಆಗಿರುವುದರಿಂದ, ವೈದ್ಯರ ವೃತ್ತಿನಡತೆಯ 2002ರ ನಿಯಮಾವಳಿಯಂತೆ, ಮಗುವಿನ ತಂದೆಯ, ತಾಯಿಯ ಅಥವಾ ಪಾಲಕರ ಲಿಖಿತ ಸಮ್ಮತಿಯಿಲ್ಲದೆ ಅದನ್ನು ಮಾಡತಕ್ಕದ್ದಲ್ಲ.

ಸಮ್ಮತಿಯೆಂದರೆ ಬರಿಯ ರುಜುವಲ್ಲ. ಚಿಕಿತ್ಸೆಯ ಸ್ವರೂಪ, ಪ್ರಯೋಜನ, ಮುಖ್ಯವಾದ ಅಪಾಯಗಳು, ಬದಲಿ ಮಾರ್ಗಗಳು ಮತ್ತು ನಿರಾಕರಿಸಿದರೆ ಆಗಬಹುದಾದ ಪರಿಣಾಮ, ಇವಿಷ್ಟನ್ನೂ ತಿಳಿಸಿದ ಬಳಿಕ ಪಡೆದುದೇ ನಿಜವಾದ ಸಮ್ಮತಿಯೆಂದೂ, ಪರೀಕ್ಷೆಗೆ ಕೊಟ್ಟ ಒಪ್ಪಿಗೆಯು ಚಿಕಿತ್ಸೆಗೆ ಸಲ್ಲದೆಂದೂ ಸರ್ವೋಚ್ಚ ನ್ಯಾಯಾಲಯವು 2008ರಲ್ಲಿ ಸಮೀರಾ ಕೊಹ್ಲಿ ಪ್ರಕರಣದಲ್ಲಿ ಸ್ಪಷ್ಟಪಡಿಸಿದೆ.

ಉದಾಹರಣೆಗೆ, 3 ಕಿಲೋ ತೂಕವಿದ್ದು ಹುಟ್ಟಿದ ಶಿಶುವೊಂದು ಮೊದಲ ದಿನಗಳಲ್ಲಿ ಸಹಜವಾಗಿ ತೂಕದಲ್ಲಿ ಇಳಿದು, 12ನೆಯ ದಿನ ಮೊದಲಿನ ತೂಕಕ್ಕೆ ಮರಳಿ, 26ನೆಯ ದಿನ 3.4 ಕಿಲೋ ತೂಗುತ್ತದೆಂದೂ, ತಾಯಿಗೆ ಮೊಲೆಯೂಡುವಾಗ ನೋವಿಲ್ಲವೆಂದೂ ಭಾವಿಸೋಣ. ನಾಲಿಗೆ ತುಟಿಗಳೆರಡನ್ನೂ ಬಿಡಿಸದಿದ್ದರೆ ಮುಂದೆ ಮಾತು ಬಾರದೆಂದು ಚಿಕಿತ್ಸಾಲಯದಲ್ಲಿ ಹೇಳಿದರೆ, ತಂದೆತಾಯಿಯರು ನಿಶ್ಚಿಂತೆಯಿಂದ ನಿರಾಕರಿಸಬಹುದು. ದಿನಕ್ಕೆ 20ರಿಂದ 30 ಗ್ರಾಂ ಏರುವ ತೂಕವೇ ಹಾಲು ಸಾಕಷ್ಟು ಸಿಗುತ್ತಿರುವುದಕ್ಕೆ ಸಾಕ್ಷಿ. ಶೈಶವದಲ್ಲಿ ಪೊರೆಯನ್ನು ಬಿಡಿಸಿದರೆ ಮುಂದಿನ ಮಾತಿನ ದೋಷವು ತಪ್ಪುವುದೆಂಬುದಕ್ಕೆ ದೃಢವಾದ ಆಧಾರವಿಲ್ಲ. ಮೇಲ್ದುಟಿಯ ಪೊರೆಯಾದರೋ ಶಿಶುಗಳಲ್ಲಿ ಸ್ವಾಭಾವಿಕವಾದುದು, ಅದನ್ನು ಕತ್ತರಿಸಿದರೆ ಸ್ತನ್ಯಪಾನವು ಸುಧಾರಿಸುವುದೆಂಬುದೂ ಸಿದ್ಧಪಟ್ಟಿಲ್ಲ.

ಆದರೆ ಅದೇ ವಯಸ್ಸಿನ ಮತ್ತೊಂದು ಶಿಶುವಿನ ನಾಲಿಗೆಯ ತುದಿಯು ಕೆಳವಸಡನ್ನು ದಾಟದೆ, ತಾಯಿಯ ಮೊಲೆತೊಟ್ಟು ಬಿರಿದು, ಅನುಭವಿಗಳ ಸಹಾಯದಿಂದ ಮೊಲೆ ಹಿಡಿಸುವ ಕ್ರಮವನ್ನು ತಿದ್ದಿದ ಮೇಲೂ ನೋವು ನಿಲ್ಲದೆ, ತೂಕವೂ ಏರದಿದ್ದರೆ, ಅನ್ಯಕಾರಣಗಳಿಲ್ಲವೆಂದು ನಿಶ್ಚಯಿಸಿಕೊಂಡು ನಾಲಿಗೆಯ ಪೊರೆಯನ್ನು ಬಿಡಿಸುವುದು ಉಚಿತ. ತಾಯಿಯ ನೋವು ಅದರಿಂದ ಬೇಗನೆ ತಗ್ಗಬಹುದು. ರಕ್ತಸ್ರಾವದ ಭಯವಿರುವುದರಿಂದ, ಹುಟ್ಟಿದಾಗ ವಿಟಮಿನ್ ಕೆ ಚುಚ್ಚುಮದ್ದು ಕೊಟ್ಟಿರುವರೇ, ವಂಶದಲ್ಲಿ ರಕ್ತಸ್ರಾವದ ರೋಗವುಂಟೇ ಎಂಬುದನ್ನು ಮೊದಲೇ ವಿಚಾರಿಸತಕ್ಕದ್ದು. ಸಮ್ಮತಿಪತ್ರದಲ್ಲಿ 'ನಾಲಿಗೆಯ ಪೊರೆಗೆ ಮಾತ್ರ, ತುಟಿಗೆ ಇಲ್ಲ' ಎಂದು ಬರೆದು ರುಜು ಹಾಕುವ ಹಕ್ಕು ಪಾಲಕರಿಗುಂಟು. ಪ್ರಾಣಾಪಾಯದ ತುರ್ತಿನ ಹೊರತು ಆ ಮಿತಿಯನ್ನು ಮೀರಲಾಗದು.

ಮೀರಿದರೆ, ಮೊದಲು ಚಿಕಿತ್ಸೆಯ ದಾಖಲೆಗಳನ್ನು ಲಿಖಿತವಾಗಿ ಕೇಳಬೇಕು. 72 ಗಂಟೆಗಳೊಳಗೆ ಅವನ್ನು ಒದಗಿಸುವುದು ವೈದ್ಯರ ಕರ್ತವ್ಯ. ನಡತೆಯ ಕುರಿತಾದ ದೂರನ್ನು ವೈದ್ಯರಾದರೆ ಕರ್ನಾಟಕ ವೈದ್ಯಕೀಯ ಪರಿಷತ್ತಿಗೂ, ದಂತವೈದ್ಯರಾದರೆ ರಾಜ್ಯದ ದಂತವೈದ್ಯ ಪರಿಷತ್ತಿಗೂ ಸಲ್ಲಿಸಬೇಕು. ಹಣ ತೆತ್ತು ಪಡೆದ ಚಿಕಿತ್ಸೆಯಾದರೆ, ಪರಿಹಾರಕ್ಕಾಗಿ 2 ವರ್ಷಗಳೊಳಗೆ ಜಿಲ್ಲಾ ಗ್ರಾಹಕ ಆಯೋಗದ ಮೊರೆಹೋಗಬಹುದು. ಫಲ ದೊರೆಯಲಿಲ್ಲವೆಂಬುದಷ್ಟೇ ಅಲ್ಲಿ ನಿರ್ಲಕ್ಷ್ಯವೆನಿಸದು. ತಿಳಿಸದೆ ಅಥವಾ ಒಪ್ಪಿಗೆಯಿಲ್ಲದೆ ಮಾಡಿದರೆಂಬುದನ್ನು ತೋರಿಸಬೇಕಾಗುವುದರಿಂದ, ಸಮ್ಮತಿಪತ್ರದ ಪ್ರತಿ, ರಸೀದಿ ಮತ್ತು ಶಿಶುವಿನ ತೂಕದ ಚೀಟಿ, ಈ ಮೂರನ್ನೂ ಜೋಪಾನವಾಗಿ ಇರಿಸಿಕೊಳ್ಳತಕ್ಕದ್ದು.