ಮಾಡಿದವರು ಯಾರು? — ಪ್ರಬಂಧಗಳಲ್ಲಿ ಕರ್ತೃ ತಪ್ಪಿದ ಕೃದಂತಗಳು

ಕಂಬಂ ಕಣಿವೆಯಲ್ಲಿಯೂ ದಿಂಡಿಗಲ್ ಸೀಮೆಯಲ್ಲಿಯೂ ತಲೆಮಾರುಗಳಿಂದ ನೆಲೆಸಿರುವ ಕನ್ನಡ ಮನೆಮಾತಿನ ಕುಟುಂಬಗಳಿವೆ. ಅಲ್ಲಿನ ಮಕ್ಕಳು ಮನೆಯಲ್ಲಿ ಕನ್ನಡವನ್ನಾಡಿ ಶಾಲೆಯಲ್ಲಿ ತಮಿಳನ್ನು ಓದಿದವರು. ಕನ್ನಡದಲ್ಲಿ ದೀರ್ಘವಾಗಿ ಬರೆಯಲು ತೊಡಗುವುದು ಅನೇಕ ವೇಳೆ ಕಾಲೇಜಿಗೆ ಬಂದ ಮೇಲೆಯೇ. ಅಂಥ ಬರಹಗಳಲ್ಲಿ ಕಾಗುಣಿತದ ತಪ್ಪನ್ನು ಗುರುತಿಸುವುದು ಸುಲಭ. ಪದಗಳೆಲ್ಲ ಸರಿಯಾಗಿದ್ದೂ ಅರ್ಥ ಜಾರುವ ವಾಕ್ಯಗಳನ್ನು ಹಿಡಿಯುವುದು ಕಷ್ಟ. ‘ನಮ್ಮ ಕಣಿವೆ’ ಎಂಬ ವಿಷಯದ ಮೇಲೆ ಬರೆದದ್ದೆಂಬಂತೆ ಪಾಠಕ್ಕಾಗಿ ಹೆಣೆದ ಈ ಖಂಡವನ್ನು ಗಮನಿಸೋಣ.

“ಪೆರಿಯಾರ್ ನದಿಗೆ ಅಡ್ಡಲಾಗಿ ಅಣೆಕಟ್ಟನ್ನು ಕಟ್ಟಿ, ನೀರು ಸುರಂಗದ ಮೂಲಕ ನಮ್ಮ ಕಣಿವೆಗೆ ಬಂದಿತು. ಕಾಡಿನಲ್ಲಿ ಮಲೇರಿಯಾದಿಂದ ಸತ್ತರೂ ಪೆನ್ನಿಕ್ವಿಕ್ ಕೆಲಸವನ್ನು ನಿಲ್ಲಿಸಲಿಲ್ಲ. ತಾತ ಕಣ್ಣೀರು ಹಾಕುತ್ತ ಕಲ್ಲು ಹೊತ್ತವರ ಕಥೆಯನ್ನು ಹೇಳುತ್ತಿದ್ದರು. ಈಗ ಬಸ್ಸಿನಲ್ಲಿ ಬರುತ್ತ ದ್ರಾಕ್ಷಿಯ ಚಪ್ಪರಗಳು ಕಾಣುತ್ತವೆ. ಕಂಬಂನಲ್ಲಿ ಬೆಳೆದ ರೈತರ ದ್ರಾಕ್ಷಿಗೆ 2023ರಲ್ಲಿ ಭೌಗೋಳಿಕ ಸೂಚಕ ಮಾನ್ಯತೆ ದೊರೆಯಿತು.”

ಓದುವಾಗ ಎಲ್ಲಿಯೂ ಎಡವಿದಂತೆ ಅನಿಸದು. ಆದರೆ ವಾಕ್ಯಗಳು ಹೇಳುತ್ತಿರುವುದನ್ನು ಹಾಗೆಯೇ ನಂಬಿದರೆ ನೀರು ಅಣೆಕಟ್ಟನ್ನು ಕಟ್ಟಿದೆ, ಎಂಜಿನಿಯರ್ ಪೆನ್ನಿಕ್ವಿಕ್ ಸತ್ತ ಮೇಲೂ ಕೆಲಸ ಮಾಡಿದ್ದಾರೆ, ಚಪ್ಪರಗಳು ಬಸ್ಸಿನಲ್ಲಿ ಪ್ರಯಾಣಿಸಿವೆ.

ಮೊದಲ ವಾಕ್ಯದಿಂದ ಆರಂಭಿಸೋಣ. ‘ಕಟ್ಟಿ’ ಎಂಬುದು ಕೃದಂತಾವ್ಯಯ. ‘ಮಾಡಿ, ಮಾಡುತ್ತ, ಮಾಡದೆ’ ಎಂಬ ರೂಪಗಳಿಗೆ ಲಿಂಗ ವಚನಗಳ ಪ್ರತ್ಯಯವಿಲ್ಲ. ಆದುದರಿಂದ ತಮ್ಮ ಕರ್ತೃ ಯಾರೆಂಬುದನ್ನು ಅವು ತಾವೇ ಹೇಳಲಾರವು. ಮುಂದೆ ಬರುವ ಪೂರ್ಣಕ್ರಿಯೆಯ ಕರ್ತೃವನ್ನೇ ತಮ್ಮದನ್ನಾಗಿ ಪಡೆಯುತ್ತವೆ. ಇಲ್ಲಿ ಪೂರ್ಣಕ್ರಿಯೆ ‘ಬಂದಿತು’, ಅದರ ಕರ್ತೃ ‘ನೀರು’. ಹಾಗಾಗಿ ಕಟ್ಟಿದ್ದೂ ನೀರೇ ಆಗುತ್ತದೆ.

ಇದು ಕನ್ನಡಕ್ಕೆ ಮಾತ್ರ ಸೇರಿದ ಕಟ್ಟಳೆಯಲ್ಲ. ಸಂಸ್ಕೃತದ ‘ಕೃತ್ವಾ’ ಎಂಬಂಥ ರೂಪಕ್ಕೆ ಎರಡೂ ಕ್ರಿಯೆಗಳ ಕರ್ತೃ ಒಬ್ಬನೇ ಆಗಿರಬೇಕೆಂದು ಪಾಣಿನಿ ವಿಧಿಸಿದ್ದಾನೆ. ತಮಿಳಿನ ತೊಲ್ಕಾಪ್ಪಿಯಂ ಕೂಡ ‘ಶೆಯ್ದು’ ಎಂಬ ಮಾದರಿಯ ಎಚ್ಚಕ್ಕೆ ಇದನ್ನೇ ಹೇಳುತ್ತದೆ. ಆದುದರಿಂದ ತೇನಿಯ ವಿದ್ಯಾರ್ಥಿಯ ಈ ತಪ್ಪಿಗೆ ತಮಿಳನ್ನು ದೂರುವುದು ನ್ಯಾಯವಲ್ಲ. ಕಾರಣ ಬೇರೆಡೆ ಇದೆ. ಬರೆಯುವವನು ಕಟ್ಟಿದವರನ್ನು ಮನಸ್ಸಿನಲ್ಲಿಟ್ಟುಕೊಂಡು ವಾಕ್ಯವನ್ನು ತೊಡಗುತ್ತಾನೆ. ನಡುವೆ ಅವನ ಗಮನ ಫಲದತ್ತ, ಎಂದರೆ ನೀರಿನತ್ತ, ಹೊರಳುತ್ತದೆ. ಮಾತಿನಲ್ಲಿಯಾದರೆ ಕೇಳುವವನಿಗೆ ಸಂದರ್ಭ ತಿಳಿದಿರುತ್ತದೆ. ಬರಹದಲ್ಲಿ ಆ ಆಸರೆಯಿಲ್ಲ.

ತಿದ್ದುವ ದಾರಿ ಎರಡು. ಒಂದು, ಕರ್ತೃವನ್ನು ಒಂದಾಗಿಸುವುದು: “ಅಣೆಕಟ್ಟನ್ನು ಕಟ್ಟಿ, ಎಂಜಿನಿಯರುಗಳು ನೀರನ್ನು ಸುರಂಗದ ಮೂಲಕ ಕಣಿವೆಗೆ ತಿರುಗಿಸಿದರು.” ಇನ್ನೊಂದು, ಭಿನ್ನ ಕರ್ತೃವನ್ನು ಒಪ್ಪುವ ರೂಪಕ್ಕೆ ಬದಲಿಸುವುದು: “ಅಣೆಕಟ್ಟನ್ನು ಕಟ್ಟಿದ ಮೇಲೆ ನೀರು ಕಣಿವೆಗೆ ಬಂದಿತು.” ‘ಮಾಡಿದ ಮೇಲೆ, ಮಾಡಿದಾಗ, ಮಾಡಿದರೆ, ಮಾಡಲು’ ಎಂಬವು ಈ ಬಗೆಯ ರೂಪಗಳು. ಬಸ್ಸಿನ ವಾಕ್ಯಕ್ಕೂ ಇದೇ ಮದ್ದು: ‘ಬರುತ್ತ’ ಎಂಬುದನ್ನು ‘ನಾವು ಬರುವಾಗ’ ಎಂದು ತಿದ್ದಿದರೆ ಚಪ್ಪರಗಳು ತಮ್ಮ ತೋಟದಲ್ಲಿಯೇ ಉಳಿಯುತ್ತವೆ.

ಆದರೆ ಕರ್ತೃ ಬೇರೆಯಾದಲ್ಲೆಲ್ಲ ಕೆಂಪು ಗೆರೆ ಎಳೆಯಲಾಗದು. “ಮಳೆ ಸುರಿದು ಕೆರೆ ತುಂಬಿತು” ಎಂಬುದು ಒಳ್ಳೆಯ ಕನ್ನಡ. ಇಲ್ಲಿ ಎರಡೂ ಕರ್ತೃಗಳು ವಾಕ್ಯದಲ್ಲಿ ಕಾಣಿಸಿಕೊಂಡಿವೆ, ಮೊದಲಿನದು ಎರಡನೆಯದಕ್ಕೆ ನೇರ ಕಾರಣ, ಎರಡೂ ಯಾರ ಇಚ್ಛೆಗೂ ಒಳಪಡದೆ ನಡೆಯುವಂಥವು. ‘ಕಟ್ಟುವುದು’ ಹಾಗಲ್ಲ, ಅದು ಬುದ್ಧಿಪೂರ್ವಕವಾದ ಕ್ರಿಯೆ, ಮಾಡುವವನನ್ನು ಬಯಸುತ್ತದೆ. “ಕಾಲು ಮುರಿದು ಬಿದ್ದನು” ಎಂಬಲ್ಲಿಯೂ ದೋಷವಿಲ್ಲ. ಕಾಲು ಬಿದ್ದವನದೇ ಅಂಗ. ಅಂಗದ ಕ್ರಿಯೆ ಹೀಗೆ ಅಂಗಿಯ ಕ್ರಿಯೆಯಲ್ಲಿ ಮುಗಿಯಬಹುದೆಂದು ತೊಲ್ಕಾಪ್ಪಿಯಂ ಆಗಲೇ ಗುರುತಿಸಿತ್ತು. “ಅಣೆಕಟ್ಟನ್ನು ಕಟ್ಟಿ ನೀರನ್ನು ತಿರುಗಿಸಲಾಯಿತು” ಎಂಬುದೂ ಸರಿಯೇ. ಕಟ್ಟಿದವರೇ ತಿರುಗಿಸಿದವರು, ಅವರ ಹೆಸರು ಮಾತ್ರ ಮರೆಯಲ್ಲಿದೆ. ಆದುದರಿಂದ ನೋಡಬೇಕಾದುದು ಪ್ರಥಮಾ ವಿಭಕ್ತಿಯ ಪದವನ್ನಲ್ಲ, ಕ್ರಿಯೆಯನ್ನು ನಡೆಸಿದವರನ್ನು.

ಎರಡನೆಯ ವಾಕ್ಯ ಇನ್ನೂ ಸೂಕ್ಷ್ಮವಾದುದು. ‘ಸತ್ತರೂ’ ಎಂಬುದು ಭಿನ್ನ ಕರ್ತೃವನ್ನು ಒಪ್ಪುವ ರೂಪ. ವ್ಯಾಕರಣದ ಕಟ್ಟಳೆ ಇಲ್ಲಿ ಮುರಿದಿಲ್ಲ. ಆದರೆ ಕರ್ತೃವನ್ನು ಬಿಟ್ಟುಬಿಟ್ಟಾಗ ಓದುಗನು ಮುಂದಿನ ಹೆಸರನ್ನೇ ಅಲ್ಲಿ ತಂದಿರಿಸುತ್ತಾನೆ. ರೂಪವನ್ನು ಬದಲಿಸಿ ಪ್ರಯೋಜನವಿಲ್ಲ, ಬಿಟ್ಟ ಪದವನ್ನು ತುಂಬಬೇಕು: “ಕೂಲಿಯಾಳುಗಳು ಮಲೇರಿಯಾದಿಂದ ಸತ್ತರೂ.” ಈ ಒಂದು ಪದದ ಹಿಂದೆ ಒಂದು ಚರಿತ್ರೆಯಿದೆ. 1895ರಲ್ಲಿ ಮುಗಿದ ಆ ಅಣೆಕಟ್ಟಿನ ಕೆಲಸದಲ್ಲಿ ಕಾಡುಜ್ವರಕ್ಕೆ ಬಲಿಯಾದ ಕೂಲಿಗಳು ಅನೇಕರು. ಪೆನ್ನಿಕ್ವಿಕ್ ಹೆಸರು ಕಣಿವೆಯಲ್ಲಿ ಎಲ್ಲರ ಬಾಯಲ್ಲಿದೆ, ಅವರ ಹೆಸರುಗಳಿಲ್ಲ. ಕರ್ತೃಪದವನ್ನು ಬಿಟ್ಟ ವಾಕ್ಯವು ಅವರನ್ನು ಮತ್ತೊಮ್ಮೆ ಅಳಿಸುತ್ತದೆ.

ಉಳಿದವು ಸ್ಥಾನದೋಷಗಳು. ‘ಬೆಳೆದ’ ಎಂಬಂಥ ಕೃದಂತ ವಿಶೇಷಣವು ತನ್ನ ಮುಂದೆ ಮೊದಲು ಸಿಗುವ ನಾಮಪದವನ್ನು ಹಿಡಿಯುತ್ತದೆ. “ಕಂಬಂನಲ್ಲಿ ಬೆಳೆದ ರೈತರ ದ್ರಾಕ್ಷಿ” ಎಂದಾಗ ಬೆಳೆದು ದೊಡ್ಡವರಾದವರು ರೈತರು. “ರೈತರು ಕಂಬಂನಲ್ಲಿ ಬೆಳೆದ ದ್ರಾಕ್ಷಿ” ಎಂದರೆ ವಿಶೇಷಣ ತನ್ನ ವಿಶೇಷ್ಯವನ್ನು ಸೇರುತ್ತದೆ. ತಾತನ ವಾಕ್ಯದಲ್ಲಿ ‘ಕಣ್ಣೀರು ಹಾಕುತ್ತ’ ಎಂಬುದಕ್ಕೆ ‘ಹೊತ್ತ’, ‘ಹೇಳುತ್ತಿದ್ದರು’ ಎಂಬ ಎರಡು ಕ್ರಿಯೆಗಳು ಎದುರಾಗಿವೆ. ಅತ್ತವರು ತಾತನೋ ಕಲ್ಲು ಹೊತ್ತವರೋ ತಿಳಿಯದು. ಅಲ್ಪವಿರಾಮ ಇಲ್ಲಿ ಸಾಲದು. ಪದಗುಚ್ಛವನ್ನು ಅದು ಸೇರಬೇಕಾದ ಕ್ರಿಯೆಯ ಪಕ್ಕಕ್ಕೇ ತರಬೇಕು.

ಪರಿಶೀಲನೆಯ ಕ್ರಮವೂ ಸರಳ. ವಾಕ್ಯದ ಕೊನೆಯಿಂದ ಹಿಂದಕ್ಕೆ ಓದಿ. ಪೂರ್ಣಕ್ರಿಯೆಗೆ ಅಡಿಗೆರೆ ಎಳೆದು ಅದನ್ನು ಮಾಡಿದವರು ಯಾರೆಂದು ಕೇಳಿ. ಬಳಿಕ ಪ್ರತಿಯೊಂದು ಕೃದಂತಕ್ಕೂ ಅದೇ ಪ್ರಶ್ನೆಯನ್ನು ಹಾಕಿ. ಉತ್ತರಗಳು ಬೇರೆಯಾದಲ್ಲಿ, ಅಥವಾ ಉತ್ತರ ವಾಕ್ಯದಲ್ಲಿಲ್ಲದೆ ನಿಮ್ಮ ಮನಸ್ಸಿನಲ್ಲಿ ಮಾತ್ರ ಇದ್ದಲ್ಲಿ, ನಿಂತು ನೋಡಿ. ಹೀಗೆ ತಿದ್ದಿದ ಖಂಡವಿದು:

“ಪೆರಿಯಾರ್ ನದಿಗೆ ಅಡ್ಡಲಾಗಿ ಅಣೆಕಟ್ಟನ್ನು ಕಟ್ಟಿದ ಮೇಲೆ ನೀರು ಸುರಂಗದ ಮೂಲಕ ನಮ್ಮ ಕಣಿವೆಗೆ ಬಂದಿತು. ಕಾಡಿನಲ್ಲಿ ಕೂಲಿಯಾಳುಗಳು ಮಲೇರಿಯಾದಿಂದ ಸತ್ತರೂ ಪೆನ್ನಿಕ್ವಿಕ್ ಕೆಲಸವನ್ನು ನಿಲ್ಲಿಸಲಿಲ್ಲ. ಕಲ್ಲು ಹೊತ್ತವರ ಕಥೆಯನ್ನು ತಾತ ಕಣ್ಣೀರು ಹಾಕುತ್ತ ಹೇಳುತ್ತಿದ್ದರು. ಈಗ ನಾವು ಬಸ್ಸಿನಲ್ಲಿ ಬರುವಾಗ ದ್ರಾಕ್ಷಿಯ ಚಪ್ಪರಗಳು ಕಾಣುತ್ತವೆ. ರೈತರು ಕಂಬಂನಲ್ಲಿ ಬೆಳೆದ ಪನ್ನೀರು ದ್ರಾಕ್ಷಿಗೆ 2023ರಲ್ಲಿ ಭೌಗೋಳಿಕ ಸೂಚಕ ಮಾನ್ಯತೆ ದೊರೆಯಿತು.”

ಹೊಸದಾಗಿ ಸೇರಿದ ಪದಗಳು ಬೆರಳೆಣಿಕೆಯಷ್ಟು. ಅಳುವವನು, ಸತ್ತವರು, ಬೆಳೆದವರು ಈಗ ತಮ್ಮ ತಮ್ಮ ಸ್ಥಾನದಲ್ಲಿದ್ದಾರೆ.